ಐದನೇ ಕಲಮಿನಲ್ಲಿ ಇಲ್ಲದ ಪದ

ಡೊಂಬಿವಲಿಯಿಂದ ಮುಂಬೈಯ ಸಿಎಸ್‌ಎಂಟಿಗೆ ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಲೇಡೀಸ್ ಡಬ್ಬಿಯಲ್ಲಿ ಆ ಹೊತ್ತಿಗೆ ಕೂರಲು ಜಾಗ ಸಿಗುವ ಮಾತೇ ಇಲ್ಲ. ಒಂದು ಕೈಯಲ್ಲಿ ಮೇಲಿನ ಹಿಡಿ, ಇನ್ನೊಂದು ಕೈಯಲ್ಲಿ ಲಿಮಿಟೇಶನ್ ಆಕ್ಟಿನ ತೆಳ್ಳಗಿನ ಬೇರ್ ಆಕ್ಟ್, ಅಂದರೆ ಕಾಯ್ದೆಯ ಪಠ್ಯ ಮಾತ್ರ ಇರುವ ಪುಸ್ತಕ. ಕೋರ್ಟಿಗೆ ಎಷ್ಟು ದಿನದೊಳಗೆ ಬರಬೇಕು ಅಂತ ಹೇಳುವ ಕಾಯ್ದೆ ಇದು. ಹೀಗೆ ನಿಂತುಕೊಂಡೇ ಆ ಪುಸ್ತಕವನ್ನು ನಾಲ್ಕು ಸಲ ಓದಿ ಮುಗಿಸಿದ್ದೆ. ಮುಖ್ಯ ಕಲಮುಗಳ ಕೆಳಗೆ ಹಳದಿ ಗೆರೆ, ಅತಿ ಮುಖ್ಯದ ಕೆಳಗೆ ಗುಲಾಬಿ ಗೆರೆ. ಕೊನೆಗೆ ಗೆರೆ ಇಲ್ಲದ ಸಾಲು ಹುಡುಕಬೇಕಾದಷ್ಟು ಗೆರೆ.

ಆಮೇಲೆ ಒಂದು ಭಾನುವಾರ ಸಿವಿಲ್ ಜಡ್ಜ್ ಪರೀಕ್ಷೆಯ ಮಾಕ್ ಟೆಸ್ಟ್ ಬರೆದೆ. ಲಿಮಿಟೇಶನ್ ಮೇಲೆ ಹನ್ನೆರಡು ಪ್ರಶ್ನೆ ಇದ್ದವು. ಐದು ಸರಿ, ಐದು ತಪ್ಪು, ಎರಡು ಖಾಲಿ. ತಪ್ಪಿಗೆ ಕಾಲು ಅಂಕ ಕಳೆದ ಮೇಲೆ ಉಳಿದದ್ದು ನಾಲ್ಕಕ್ಕಿಂತ ಕಡಿಮೆ. ಅಂಕ ಹೋದದ್ದಕ್ಕಿಂತ ಜಾಸ್ತಿ ಚುಚ್ಚಿದ್ದು ಬೇರೆ. ತಪ್ಪಾದ ಐದೂ ನನಗೆ 'ಗೊತ್ತಿದ್ದ' ಕಲಮುಗಳಿಂದಲೇ ಬಂದಿದ್ದವು. ಐದನೇ ಕಲಂ ಅಂತೂ ನನ್ನ ದಿನದ ಅನ್ನ. ಸೀನಿಯರ್ ಚೇಂಬರಿನಲ್ಲಿ ತಿಂಗಳಿಗೆ ಎರಡಾದರೂ ವಿಳಂಬ ಮನ್ನಾ ಅರ್ಜಿ ನಾನೇ ಟೈಪ್ ಮಾಡುತ್ತೇನೆ.

ಕಾನೂನು ಓದದವರಿಗೆ ಎರಡು ಮಾತು. ಸಿವಿಲ್ ಜಡ್ಜ್ ಹುದ್ದೆಗೆ ಮೊದಲ ಮೆಟ್ಟಿಲು ಪ್ರಿಲಿಮ್ಸ್. ಆಯ್ಕೆ ಕೊಟ್ಟು ಕೇಳುವ ಪರೀಕ್ಷೆ. ಇಲ್ಲಿ ಬಂದ ಅಂಕ ಕೊನೆಯ ಪಟ್ಟಿಗೆ ಸೇರುವುದಿಲ್ಲ, ಇದು ಬರೀ ಗೇಟು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮೂರು ವರ್ಷದ ವಕೀಲಿಕೆ ಬೇಕೇಬೇಕು ಎಂದು ಹೇಳಿದ ಮೇಲೆ, ನನ್ನಂಥ ಕೋರ್ಟಿಗೆ ಹೋಗುವವರಿಗೆ ಸ್ವಲ್ಪ ಅನುಕೂಲ ಅಂತ ಎಲ್ಲರೂ ಅಂದರು. ನನಗೆ ಆ ಮಾಕ್ ಟೆಸ್ಟಿನಲ್ಲಿ ಕೋರ್ಟಿನ ಅಭ್ಯಾಸವೇ ಕಾಲು ಎಳೆದಿತ್ತು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಅವತ್ತಿನಿಂದ ಓದುವುದನ್ನು ಕಡಿಮೆ ಮಾಡಿ, ಪ್ರಶ್ನೆ ಬರೆಯಲು ಶುರು ಮಾಡಿದೆ. ಸಂಜೆ ಸಿಎಸ್‌ಎಂಟಿಯಲ್ಲೇ ಗಾಡಿ ಹೊರಡುವುದರಿಂದ ಕಾದು ನಿಂತರೆ ಸೀಟು ಸಿಗುತ್ತದೆ. ಆಗ ಬರೆಯುವುದು, ಬೆಳಿಗ್ಗೆ ನಿಂತುಕೊಂಡು ಉತ್ತರಿಸುವುದು. ಒಂದು ಕಲಮಿಗೆ ಒಂದು ಸಂಜೆ. ಐದನೇ ಕಲಮಿಗೆ ಮಾತ್ರ ಮೂರು ಸಂಜೆ ಹೋಯಿತು. ಅದರ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಲಂ ಚಿಕ್ಕದು. ಸರಳವಾಗಿ ಹೇಳಿದರೆ ಇಷ್ಟು: ಯಾವುದೇ ಅಪೀಲು, ಅಥವಾ ಸಿಪಿಸಿಯ ಆರ್ಡರ್ 21ರ ಅಡಿ ಹಾಕುವ ಅರ್ಜಿ ಬಿಟ್ಟು ಬೇರೆ ಯಾವುದೇ ಅರ್ಜಿ, ಅವಧಿ ಮುಗಿದ ಮೇಲೆ ಬಂದರೂ, ಸಮಯಕ್ಕೆ ಹಾಕದೇ ಇರಲು ಸಾಕಷ್ಟು ಕಾರಣವಿತ್ತು ಎಂದು ಕೋರ್ಟಿಗೆ ಮನವರಿಕೆಯಾದರೆ, ಅದನ್ನು ಸ್ವೀಕರಿಸಬಹುದು. ಸಿಪಿಸಿ ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆ, ಅದರ ಆರ್ಡರ್ 21 ಇರುವುದು ಡಿಕ್ರಿ ಅಮಲ್ಜಾರಿಗೆ, ಅಂದರೆ ಕೋರ್ಟು ಕೊಟ್ಟ ಡಿಕ್ರಿಯನ್ನು ಜಾರಿ ಮಾಡಿಸುವುದಕ್ಕೆ. ಕಲಮಿನ ಕೆಳಗೆ ಒಂದು ವಿವರಣೆ ಇದೆ. ಅವಧಿ ಲೆಕ್ಕ ಹಾಕುವಾಗ ಹೈಕೋರ್ಟಿನ ಆದೇಶ, ರೂಢಿ ಅಥವಾ ತೀರ್ಪಿನಿಂದ ದಾರಿ ತಪ್ಪಿದ್ದರೆ ಅದು ಸಾಕಷ್ಟು ಕಾರಣ ಆಗಬಹುದು. ಅಷ್ಟೇ.

ಮೊದಲ ದಿನ ನಾನು ಬರೆದ ಪ್ರಶ್ನೆ ಹೀಗಿತ್ತು. 'ಐದನೇ ಕಲಂ ಪ್ರಕಾರ ಅವಧಿ ಮೀರಿದ ಮೇಲೂ ಕೋರ್ಟು ಯಾವುದನ್ನು ಸ್ವೀಕರಿಸಬಹುದು?' ಎ) ದಾವೆ. ಬಿ) ಅಪೀಲು ಮತ್ತು ಆರ್ಡರ್ 21ರ ಅಡಿ ಬರುವ ಅರ್ಜಿ ಬಿಟ್ಟು ಉಳಿದ ಯಾವುದೇ ಅರ್ಜಿ. ಸಿ) ಕೇವಿಯಟ್. ಡಿ) ಮೇಲಿನ ಯಾವುದೂ ಅಲ್ಲ.

ಇಂಥವು ಹತ್ತು ಬರೆದು, ಮನೆಗೆ ಬಂದು ಅಮ್ಮನಿಗೆ ತಮಾಷೆಗೆ ಓದಿದೆ. ಅಮ್ಮ ಪುತ್ತೂರಿನ ಕಡೆಯವರು, ಓದಿದ್ದು ಏಳನೇ ಕ್ಲಾಸು. ತೊಂಡೆಕಾಯಿ ಹೆಚ್ಚುತ್ತಾ ಹತ್ತರಲ್ಲಿ ಏಳು ಸರಿ ಹೇಳಿದರು.

"ಅಮ್ಮಾ, ನಿಮಗೆ ಹೇಗೆ ಗೊತ್ತಾಯ್ತು?"

"ಅದೇ ಉದ್ದ ಉಂಟಲ್ಲ ಮಾರಾಯ್ತಿ. ಅಷ್ಟು ಉದ್ದ ಬರೆದದ್ದು ಸುಳ್ಳು ಇರ್ಲಿಕ್ಕೆ ಸಾಧ್ಯ ಉಂಟಾ?"

ನನ್ನ ಪ್ರಶ್ನೆಗಳ ಬಣ್ಣ ಬಯಲಾಯಿತು. ಸರಿ ಉತ್ತರವನ್ನು ಕಲಮಿನಿಂದ ಎತ್ತಿಕೊಂಡು ಪೂರ್ತಿ ಬರೆದಿದ್ದೆ. ತಪ್ಪು ಉತ್ತರಗಳನ್ನು ಸುಮ್ನೆ ಜಾಗ ತುಂಬಲು ಹಾಕಿದ್ದೆ. ಕಾನೂನು ಗೊತ್ತಿಲ್ಲದವರು ಆಯ್ಕೆಗಳ ಆಕಾರ ನೋಡಿಯೇ ಉತ್ತರ ಹೇಳಿದರೆ ಆ ಪ್ರಶ್ನೆ ಏನನ್ನೂ ಕೇಳುತ್ತಿಲ್ಲ ಅಂತಲೇ ಅರ್ಥ. ಈಗಲೂ ವಾರಕ್ಕೊಮ್ಮೆ ಅಮ್ಮನಿಗೆ ಹತ್ತು ಪ್ರಶ್ನೆ ಓದುತ್ತೇನೆ. ನಾಲ್ಕು ಆಯ್ಕೆಯಲ್ಲಿ ಕಣ್ಣು ಮುಚ್ಚಿ ಹೇಳಿದರೂ ಎರಡೋ ಮೂರೋ ಸರಿಯಾಗುತ್ತವೆ. ಐದು ದಾಟಿದರೆ ಆ ಕಟ್ಟನ್ನು ತಿದ್ದಲು ಕೂರುತ್ತೇನೆ.

ಹಾಗಾದರೆ ತಪ್ಪು ಉತ್ತರ ಎಲ್ಲಿಂದ ತರಬೇಕು? ಪಕ್ಕದ ಕಲಮುಗಳಿಂದ. ಇದನ್ನು ಕಂಡುಕೊಳ್ಳಲು ನನಗೆ ಎರಡನೇ ಸಂಜೆ ಬೇಕಾಯಿತು. ಘಾಟ್‌ಕೋಪರ್ ದಾಟುವ ಹೊತ್ತಿಗೆ ಮೂರರಿಂದ ಆರರವರೆಗಿನ ಕಲಮುಗಳನ್ನು ಒಂದರ ಕೆಳಗೆ ಒಂದು ಬರೆದು, ಪ್ರತಿಯೊಂದೂ ಯಾವುದರ ಬಗ್ಗೆ ಮಾತಾಡುತ್ತದೆ ಅಂತ ಮಾತ್ರ ನೋಡಿದೆ. ಮೂರನೆಯದು: ದಾವೆ, ಅಪೀಲು, ಅರ್ಜಿ, ಮೂರೂ. ಅವಧಿ ಮೀರಿದರೆ, ಎದುರಾಳಿ ಆಕ್ಷೇಪ ಎತ್ತದಿದ್ದರೂ ವಜಾ. ನಾಲ್ಕನೆಯದು: ಕೊನೆಯ ದಿನ ಕೋರ್ಟು ಮುಚ್ಚಿದ್ದರೆ ತೆರೆದ ದಿನ ಹಾಕಬಹುದು. ಇದಕ್ಕೂ ಮೂರೂ. ಐದನೆಯದು: ಅಪೀಲು ಮತ್ತು ಅರ್ಜಿ, ಅದರಲ್ಲೂ ಆರ್ಡರ್ 21 ಹೊರಗೆ. ಆರನೆಯದು ಅಪ್ರಾಪ್ತರು, ಬುದ್ಧಿ ಸ್ಥಿಮಿತ ಇಲ್ಲದವರ ಬಗ್ಗೆ. ಅಲ್ಲಿ ದಾವೆ ಮತ್ತು ಡಿಕ್ರಿ ಅಮಲ್ಜಾರಿ ಅರ್ಜಿ ಮಾತ್ರ.

ನಾಲ್ಕು ಸಲ ಓದಿದರೂ ಈ ನಾಲ್ಕು ಸಾಲು ನನಗೆ ಹೀಗೆ ಒಟ್ಟಿಗೆ ಕಂಡಿರಲಿಲ್ಲ. ಒಂದೊಂದು ಕಲಮನ್ನೂ ಅದರದೇ ಕೋಣೆಯಲ್ಲಿ ಕೂಡಿಹಾಕಿ ಓದಿದ್ದೆ. ಈಗ ಆಯ್ಕೆಗಳು ತಾವಾಗಿಯೇ ಬಂದವು. ಎ) ದಾವೆ, ಅಪೀಲು, ಅರ್ಜಿ. ಬಿ) ಅಪೀಲು, ಎಲ್ಲ ಅರ್ಜಿ. ಸಿ) ಅಪೀಲು, ಆರ್ಡರ್ 21 ಬಿಟ್ಟು ಉಳಿದ ಅರ್ಜಿ. ಡಿ) ದಾವೆ, ಅಮಲ್ಜಾರಿ ಅರ್ಜಿ. ಎ ತಪ್ಪಾದರೂ ಅದು ನಾಲ್ಕನೇ ಕಲಮಿನ ಸತ್ಯ. ಡಿ ಆರನೆಯದರ ಸತ್ಯ. ಬಿ ಅರ್ಧ ಓದಿದವರ ಸತ್ಯ. ಕಾರ್ಡಿನ ಹಿಂದೆ ಈಗ 'ಸಿ' ಅಂತ ಬರೆಯುವುದಿಲ್ಲ. ಸರಿ ಉತ್ತರ ಕೊಡುವ ಪದಗಳನ್ನೂ, ಪ್ರತಿ ತಪ್ಪು ಉತ್ತರ ಯಾವ ಕಲಮಿನಿಂದ ಬಂತು ಅನ್ನುವುದನ್ನೂ ಬರೆಯುತ್ತೇನೆ. ಅಕ್ಷರ ಬರೆದರೆ ಎರಡನೇ ಸಲಕ್ಕೆ 'ಈ ಕಾರ್ಡಿಗೆ ಸಿ' ಅಂತಷ್ಟೇ ನೆನಪಿರುತ್ತದೆ.

ಮೂರನೇ ಸಂಜೆ ಸನ್ನಿವೇಶದ ಪ್ರಶ್ನೆ ಬರೆದೆ. ಇದರಲ್ಲೇ ನಾನು ಚೆನ್ನಾಗಿ ಬಿದ್ದದ್ದು.

'ನಾಲ್ವರೂ ಹತ್ತು ದಿನ ತಡವಾಗಿ ಬಂದಿದ್ದಾರೆ. ನಾಲ್ವರ ಬಳಿಯೂ ಒಳ್ಳೆಯ ಕಾರಣ ಇದೆ. ಯಾರಿಗೆ ಐದನೇ ಕಲಮಿನ ನೆರವು ಸಿಗುವುದಿಲ್ಲ?' ಎ) ಆರ್ಡರ್ 9 ರೂಲ್ 13ರ ಅಡಿ ಏಕಪಕ್ಷೀಯ ಡಿಕ್ರಿ ರದ್ದು ಕೋರಿದವರು. ಬಿ) ಆರ್ಡರ್ 22 ರೂಲ್ 9ರ ಅಡಿ, ಪಕ್ಷಕಾರರ ಸಾವಿನಿಂದ ನಿಂತುಹೋದ ದಾವೆಗೆ ಮತ್ತೆ ಜೀವ ಕೊಡಲು ಕೋರಿದವರು. ಸಿ) ಆರ್ಡರ್ 21 ರೂಲ್ 89ರ ಅಡಿ ಕೋರ್ಟು ಹರಾಜು ರದ್ದು ಕೋರಿದವರು. ಡಿ) ಸಾಲ ವಸೂಲಿಗೆ ದಾವೆ ಹಾಕಿದವರು.

ನನ್ನ ಕೀ ಉತ್ತರ ಸಿ. ಬಹಳ ಜಾಣ ಪ್ರಶ್ನೆ ಅಂದುಕೊಂಡೆ. ಯಾಕೆಂದರೆ 21 ಮತ್ತು 22 ಗಡಿಬಿಡಿಯಲ್ಲಿ ಅದಲುಬದಲಾಗುತ್ತವೆ.

ನನ್ನ ಜೊತೆ ಓದುವ ಹುಡುಗಿ ಅಕ್ಕಲಕೋಟೆಯವಳು. ಸೋಲಾಪುರ ಜಿಲ್ಲೆಯ ಆ ಕಡೆ ಮನೆಮಾತು ಕನ್ನಡ ಇರುವವರು ಬಹಳ. ಅವಳು ಠಾಣೆಯಲ್ಲಿ ಗಾಡಿ ಹತ್ತುತ್ತಾಳೆ. ಕಾರ್ಡು ಕೈಗೆ ಕೊಟ್ಟೆ. ಎರಡು ಸಲ ಓದಿದಳು.

"ಅಕ್ಕಾ, ಇದ್ರಾಗ ಎರಡು ಉತ್ತರ ಸರಿ ಅದಾವಲ್ಲ?"

"ಎಲ್ಲಿ?"

"ಡಿ ನೋಡ್ರಿ. ದಾವಾ. ಐದನೇ ಕಲಮದಾಗ ದಾವಾ ಎಲ್ಲಿ ಅದ?"

ಸರಿ ತಾನೇ. ಐದನೇ ಕಲಂ ಅಪೀಲು ಅನ್ನುತ್ತದೆ, ಅರ್ಜಿ ಅನ್ನುತ್ತದೆ. ದಾವೆ ಅನ್ನುವ ಪದವೇ ಇಲ್ಲ. ಮೂಲ ದಾವೆ ಒಂದು ದಿನ ತಡವಾದರೂ, ಕಾರಣ ಎಷ್ಟೇ ಗಟ್ಟಿಯಿದ್ದರೂ, ಈ ಕಲಂ ಕೈ ಹಿಡಿಯುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದೆ. ಹಿಂದಿನ ಸಂಜೆಯಷ್ಟೇ ಅದನ್ನೇ ಕಾರ್ಡಿನ ಹಿಂದೆ ಬರೆದಿದ್ದೆ. ಆದರೂ ಪ್ರಶ್ನೆ ಬರೆಯುವಾಗ ನನ್ನ ಕಣ್ಣೆಲ್ಲ ಆರ್ಡರ್ 21ರ ಮೇಲೆ ಇತ್ತು. ಕಲಂ ಅದನ್ನು ಬಾಯಿಬಿಟ್ಟು ಹೊರಗಿಡುತ್ತದೆ, ಅದಕ್ಕೇ ಗುಲಾಬಿ ಗೆರೆ. ದಾವೆಯನ್ನು ಕಲಂ ಹೊರಗಿಡುವುದಿಲ್ಲ, ಸುಮ್ಮನೆ ಅದರ ಹೆಸರೇ ಎತ್ತುವುದಿಲ್ಲ. ಹೆಸರೇ ಎತ್ತದ ಪದದ ಕೆಳಗೆ ಗೆರೆ ಎಳೆಯುವುದು ಹೇಗೆ?

ಮಾಕ್ ಟೆಸ್ಟಿನ ಪೇಪರ್ ತೆಗೆದು ಮತ್ತೆ ನೋಡಿದೆ. ಐದು ತಪ್ಪಿನಲ್ಲಿ ಮೂರು ಇದೇ ಜಾತಿಯವು. ಕಲಮಿನಲ್ಲಿ ಇದ್ದದ್ದನ್ನು ನಾನು ಮರೆತಿರಲಿಲ್ಲ. ಇಲ್ಲದ್ದನ್ನು ಇದೆ ಅಂದುಕೊಂಡಿದ್ದೆ. ಓದುವಾಗ ಇದು ಸಿಕ್ಕಿಬೀಳುವುದೇ ಇಲ್ಲ, ಯಾಕೆಂದರೆ ಓದು ಇರುವ ಪದಗಳ ಮೇಲೆಯೇ ಹೋಗುತ್ತದೆ. ತಪ್ಪು ಆಯ್ಕೆ ಬರೆಯಲು ಕೂತಾಗ ಮಾತ್ರ, 'ಇಲ್ಲಿ ಇನ್ನೇನು ಇರಬಹುದಿತ್ತು, ಆದರೆ ಇಲ್ಲ?' ಅಂತ ಕೇಳಬೇಕಾಗುತ್ತದೆ.

ಡಿಯನ್ನು 'ಮೊದಲ ಅಪೀಲು ಹಾಕಿದವರು' ಅಂತ ಬದಲಿಸಿದೆ. ಈಗ ಉತ್ತರ ಒಂದೇ. ದಾವೆಗೆ ಬೇರೆ ಕಾರ್ಡು ಮಾಡಿದೆ. ಅವಳ ಪ್ರಶ್ನೆಯನ್ನು ಒಂದು ಪರೀಕ್ಷೆಯಾಗಿಯೂ ಇಟ್ಟುಕೊಂಡೆ. ಪ್ರತಿ ತಪ್ಪು ಆಯ್ಕೆಯ ಪರ ನಾನೇ ವಕೀಲೆಯಾಗಿ ಒಂದು ನಿಮಿಷ ವಾದ ಮಾಡುತ್ತೇನೆ. ವಾದ ಗೆದ್ದರೆ ಪ್ರಶ್ನೆ ಬಿತ್ತು ಅಂತ. ಇದನ್ನು ಬರೆದ ದಿನವೇ ಮಾಡಿದರೆ ಉಪಯೋಗ ಇಲ್ಲ, ತಲೆಯಲ್ಲಿ ಕೀ ಇನ್ನೂ ಬಿಸಿಯಾಗಿರುತ್ತದೆ. ಮೂರು ದಿನ ಬಿಟ್ಟು ಮಾಡುತ್ತೇನೆ.

ಈಗ ಕೋರ್ಟಿನ ಅಭ್ಯಾಸ ಕಾಲೆಳೆದ ವಿಷಯ. ಚೇಂಬರಿನಲ್ಲಿ ನಾವು ದಿನಾ ಆಡುವ ಮಾತು 'ಡಿಲೇ ಕಂಡೋನ್ ಮಾಡಿಸಬೇಕು'. ಐದನೇ ಕಲಮಿನಲ್ಲಿ ಕಂಡೋನ್ ಅನ್ನುವ ಪದ ಇಲ್ಲ. ಅದರ ತಲೆಬರಹ ಹೇಳುವುದು ಅವಧಿಯ ವಿಸ್ತರಣೆ ಅಂತ. ಹಾಗೆಯೇ ಪ್ರತಿ ಅಫಿಡವಿಟ್ಟಿನಲ್ಲೂ 'ಪ್ರತಿ ದಿನದ ವಿಳಂಬಕ್ಕೂ ಕಾರಣ ಕೊಡಬೇಕು' ಅಂತ ಸೀನಿಯರ್ ತಿದ್ದಿಸುತ್ತಾರೆ. ಪ್ರತಿ ದಿನ ಅನ್ನುವುದೂ ಕಲಮಿನಲ್ಲಿ ಇಲ್ಲ. ಅದು ತೀರ್ಪುಗಳಿಂದ ಬಂದ ಮಾತು. 1987ರಲ್ಲಿ ಅನಂತನಾಗ್ ಭೂಸ್ವಾಧೀನ ಕಲೆಕ್ಟರ್ ವಿರುದ್ಧ ಕಾತಿಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಅದನ್ನು ತೀರಾ ಅಕ್ಷರಶಃ ಹಿಡಿಯಬೇಡಿ ಅಂದಿತ್ತು. ಮಾಕ್ ಟೆಸ್ಟಿನಲ್ಲಿ 'ಐದನೇ ಕಲಮಿನ ಪದಗಳ ಪ್ರಕಾರ ಅರ್ಜಿದಾರ ಏನು ಮಾಡಬೇಕು' ಅಂತ ಕೇಳಿದಾಗ, 'ಪ್ರತಿ ದಿನದ ವಿಳಂಬವನ್ನು ರುಜುವಾತು ಮಾಡಬೇಕು' ಅನ್ನುವುದನ್ನು ನಾನು ಖುಷಿಯಿಂದ ಗುರುತು ಹಾಕಿದ್ದೆ. ಸರಿ ಉತ್ತರ ಪಕ್ಕದಲ್ಲೇ ಇತ್ತು: ಸಾಕಷ್ಟು ಕಾರಣ ಇತ್ತೆಂದು ಕೋರ್ಟಿಗೆ ಮನವರಿಕೆ ಮಾಡಬೇಕು. ನಾನು ಉತ್ತರಿಸಿದ್ದು ಸೀನಿಯರ್‌ಗೆ, ಪೇಪರಿಗಲ್ಲ.

ಹಾಗಾಗಿ ನನ್ನ ಅತ್ಯುತ್ತಮ ತಪ್ಪು ಆಯ್ಕೆಗಳ ಎರಡನೇ ಗಣಿ ನನ್ನ ಚೇಂಬರೇ. ಕೋರ್ಟಿನಲ್ಲಿ ಕೇಳಿ ಕೇಳಿ ಕಲಂ ಅಂದುಕೊಂಡ ಮಾತುಗಳು. ಪಾಪ, ಸೀನಿಯರ್‌ಗೆ ಇದು ಗೊತ್ತಿಲ್ಲ.

ವಿವರಣೆಯ ಮೇಲೆ ಪ್ರಶ್ನೆ ಬರೆಯುವಾಗ ಇನ್ನೊಂದು ಹಳ್ಳ ಇದೆ. 'ಯಾವುದು ಸಾಕಷ್ಟು ಕಾರಣ ಆಗಬಹುದು?' ಅಂತ ಕೇಳಿ, ಎ) ಹೈಕೋರ್ಟಿನ ರೂಢಿಯಿಂದ ದಾರಿ ತಪ್ಪಿದ್ದು, ಬಿ) ವಕೀಲರ ತಪ್ಪು ಸಲಹೆ, ಅಂತ ಆಯ್ಕೆ ಕೊಟ್ಟೆ ಅಂದುಕೊಳ್ಳಿ. ಬಿ ತಪ್ಪು ಅನ್ನಲು ಬರುವುದಿಲ್ಲ. ಪ್ರಾಮಾಣಿಕವಾಗಿ ಕೊಟ್ಟ ತಪ್ಪು ಸಲಹೆಯನ್ನು ನಂಬಿ ತಡವಾದದ್ದನ್ನು ಕೋರ್ಟುಗಳು ಒಪ್ಪಿದ ಉದಾಹರಣೆ ಇದೆ. ವಿವರಣೆ ಒಂದು ಕಾರಣವನ್ನು ಹೆಸರಿಸುತ್ತದೆ, ಉಳಿದವಕ್ಕೆ ಬಾಗಿಲು ಹಾಕುವುದಿಲ್ಲ. ಆದ್ದರಿಂದ ಪ್ರಶ್ನೆಯಲ್ಲೇ 'ಐದನೇ ಕಲಮಿನ ವಿವರಣೆಯಲ್ಲಿ ಹೆಸರಿಸಿದ್ದು ಯಾವುದು' ಅಂತ ಬರಬೇಕು. ಇಷ್ಟು ಚಿಕ್ಕ ಬದಲಾವಣೆಗೆ ಪ್ರಶ್ನೆ ಬದುಕುತ್ತದೆ. ಮೇಲಿನ ದಾವೆಯ ಪಾಠಕ್ಕೆ ಇದು ಪೂರ್ತಿ ಉಲ್ಟಾ, ಅಲ್ವಾ? ಅಲ್ಲಿ ಹೆಸರಿಸದ್ದು ಹೊರಗೆ. ಇಲ್ಲಿ ಹೆಸರಿಸದ್ದು ಒಳಗೂ ಇರಬಹುದು. ಯಾವುದು ಯಾವ ಥರ ಅನ್ನುವುದನ್ನು ಕಲಮಿನ ರಚನೆಯೇ ಹೇಳಬೇಕು, ಕೆಲವು ಕಡೆ ತೀರ್ಪು ಹೇಳಬೇಕು.

'ಬಹುದು' ಕೂಡ ಹಾಗೆಯೇ. ಕಾರಣ ಸಾಬೀತಾದರೆ ಕೋರ್ಟು ಸ್ವೀಕರಿಸಲೇಬೇಕೇ? ಕಲಂ 'ಮೇ' ಅನ್ನುತ್ತದೆ, 'ಶಲ್' ಅನ್ನುವುದಿಲ್ಲ. ರಾಮ್‌ಲಾಲ್ ವಿರುದ್ಧ ರೇವಾ ಕೋಲ್‌ಫೀಲ್ಡ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಾರಣ ತೋರಿಸಿದ ಮಾತ್ರಕ್ಕೆ ಅದು ಹಕ್ಕಾಗುವುದಿಲ್ಲ, ಕೋರ್ಟಿನ ವಿವೇಚನೆ ಉಳಿದೇ ಇರುತ್ತದೆ ಅಂದಿತು. ಇಲ್ಲಿ ಪದವೂ ತೀರ್ಪೂ ಒಂದೇ ದಿಕ್ಕಿಗೆ ಇವೆ, ಹಾಗಾಗಿ ಕಾರ್ಡು ಸುಲಭ. ಎರಡೂ ಬೇರೆ ಬೇರೆ ದಿಕ್ಕಿಗೆ ಹೋಗುವ ಕಲಮುಗಳಲ್ಲಿ ಬೇರ್ ಆಕ್ಟ್ ಒಂದನ್ನೇ ಹಿಡಿದು ಪ್ರಶ್ನೆ ಬರೆದರೆ ತಪ್ಪನ್ನೇ ಉರು ಹೊಡೆದ ಹಾಗೆ. ಅಂಥ ಕಾರ್ಡಿನ ಮೂಲೆಯಲ್ಲಿ ತೀರ್ಪಿನ ಹೆಸರು ಬರೆದಿಡುತ್ತೇನೆ. ಹೆಸರು ಸಿಗದಿದ್ದರೆ ಕಾರ್ಡನ್ನೇ ಬಿಡುತ್ತೇನೆ.

ಕಾಯ್ದೆಯ ಹಿಂದಿನ ಷೆಡ್ಯೂಲಿಗೆ ಈ ಪಕ್ಕದ ಮನೆ ಉಪಾಯ ಅಷ್ಟು ನಡೆಯಲಿಲ್ಲ. ಅಲ್ಲಿ 137 ಆರ್ಟಿಕಲ್‌ಗಳಿವೆ. ಮೊದಲು ನಾನು ದಿನಗಳನ್ನೇ ಆಯ್ಕೆ ಮಾಡುತ್ತಿದ್ದೆ: 30, 60, 90, ಮೂರು ವರ್ಷ. ಸಂಖ್ಯೆ ನೆನಪಾಗುತ್ತಿತ್ತು, ಆದರೂ ಲೆಕ್ಕ ತಪ್ಪುತ್ತಿತ್ತು. ಯಾಕೆಂದರೆ ಕಷ್ಟ ಇರುವುದು ಮೂರನೇ ಕಾಲಮಿನಲ್ಲಿ, ಅವಧಿ ಯಾವಾಗಿನಿಂದ ಶುರು ಅನ್ನುವುದರಲ್ಲಿ. ಆರ್ಟಿಕಲ್ 123 ನೋಡಿ. ಏಕಪಕ್ಷೀಯ ಡಿಕ್ರಿ ರದ್ದು ಮಾಡಿಸಲು 30 ದಿನ. ಡಿಕ್ರಿ ಆದ ದಿನದಿಂದ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಮಾತ್ರ, ಡಿಕ್ರಿ ಗೊತ್ತಾದ ದಿನದಿಂದ. ಕೆಳಗೊಂದು ವಿವರಣೆ: ಆರ್ಡರ್ 5 ರೂಲ್ 20ರ ಬದಲಿ ಜಾರಿಯನ್ನು, ಅಂದರೆ ಬಾಗಿಲಿಗೆ ಅಂಟಿಸುವುದು, ಪೇಪರಿನಲ್ಲಿ ಹಾಕಿಸುವುದು ಇಂಥದ್ದನ್ನು, ಸರಿಯಾದ ಜಾರಿ ಎಂದು ಇಲ್ಲಿ ಎಣಿಸುವಂತಿಲ್ಲ. ಪೇಪರ್ ಜಾಹೀರಾತು ಕೊಟ್ಟು ಡಿಕ್ರಿ ಪಡೆದ ಸನ್ನಿವೇಶ ಕೊಟ್ಟು, ಎರಡು ದಿನಾಂಕ ಕೊಟ್ಟು, ಕೊನೆಯ ದಿನ ಯಾವುದು ಅಂತ ಕೇಳಿದರೆ ಮಾತ್ರ ಈ ಆರ್ಟಿಕಲ್ ಪೂರ್ತಿ ಪರೀಕ್ಷೆಗೆ ಬರುತ್ತದೆ. '30 ದಿನ' ಅಂತ ಗಿಳಿಪಾಠ ಹೇಳುವವರು ಅಲ್ಲಿ ನಿಲ್ಲುತ್ತಾರೆ. ನಾನೂ ಅಲ್ಲೇ ನಿಂತಿದ್ದೆ.

ಫೌಂಟನ್ ಹತ್ತಿರ ಹಳೆ ಪುಸ್ತಕದವರ ಬಳಿ ಪ್ರಶ್ನೆ ಪುಸ್ತಕಗಳು ಅಗ್ಗಕ್ಕೆ ಸಿಗುತ್ತವೆ. ಲಿಮಿಟೇಶನ್‌ಗೆ ಅವು ಈಗಲೂ ನಡೆಯುತ್ತವೆ. ಕ್ರಿಮಿನಲ್ ಕಡೆ ಮುಟ್ಟಬೇಡಿ. 2024ರ ಜುಲೈ 1ರಿಂದ ಐಪಿಸಿಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಸೇರಿದಂತೆ ಹೊಸ ಸಂಹಿತೆಗಳು ಬಂದಿವೆ. ನಾನು ಜಾಣತನ ಮಾಡಿ ಹಳೆ ಪ್ರಶ್ನೆಗಳ ನಂಬರ್ ಮಾತ್ರ ಬದಲಿಸಲು ಹೋಗಿದ್ದೆ. ಕಳ್ಳತನಕ್ಕೆ 378 ಹೊಡೆದು 303. ವ್ಯಾಖ್ಯೆಯ ಪ್ರಶ್ನೆ ಬಚಾವಾಯಿತು. ಶಿಕ್ಷೆಯ ಪ್ರಶ್ನೆ ಸತ್ತಿತು. ಹೊಸದರಲ್ಲಿ ಎರಡನೇ ಸಲ ಶಿಕ್ಷೆಯಾದವರಿಗೆ ಕನಿಷ್ಠ ಒಂದು ವರ್ಷದ ಕಠಿಣ ಸೆರೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಕಳ್ಳತನ, ಮೊದಲ ಸಲ, ಮಾಲು ಅಥವಾ ಅದರ ಬೆಲೆ ವಾಪಸ್ ಕೊಟ್ಟರೆ ಸಮುದಾಯ ಸೇವೆ. ಹಳೆಯದರಲ್ಲಿ ಇವೆರಡೂ ಇರಲಿಲ್ಲ. ಹಳೆ ಪುಸ್ತಕ ಮುಚ್ಚಿ, ಹೊಸ ಕಲಂ ತೆರೆದು, ಮೊದಲಿನಿಂದ ಬರೆಯುವುದೇ ಬೇಗ ಮುಗಿಯುತ್ತದೆ.

ಲಿಮಿಟೇಶನ್‌ಗೆ ಸದ್ಯ ನನ್ನ ಬಳಿ ತೊಂಬತ್ತಾರು ಕಾರ್ಡು ಇವೆ. ಬರೆದದ್ದು ನೂರೈವತ್ತರ ಹತ್ತಿರ. ಉಳಿದವು ಅಮ್ಮನ ಕೈಯಲ್ಲೋ, ಅಕ್ಕಲಕೋಟೆಯವಳ ಕೈಯಲ್ಲೋ, ಮೂರು ದಿನದ ನಂತರ ನನ್ನದೇ ಕೈಯಲ್ಲೋ ಹರಿದವು. ಹರಿದವುಗಳಿಂದಲೇ ಜಾಸ್ತಿ ಕಲಿತೆ ಅನ್ನಿಸುತ್ತದೆ, ಆದರೂ ಹರಿಯುವಾಗ ಹೊಟ್ಟೆ ಉರಿಯುತ್ತದೆ.

ಮೊನ್ನೆ ಅವಳು ಠಾಣೆಯಲ್ಲಿ ಹತ್ತಿದವಳೇ, ಬ್ಯಾಗು ಕೂಡ ಇಳಿಸದೆ ಕೇಳಿದಳು.

"ಅಕ್ಕಾ, ಹುಡುಗ ಸಣ್ಣಾವ. ಹದಿನೇಳು ವರ್ಷ. ಅವನ ಅಪೀಲು ತಡ ಆಗೇದ. ಆರನೇ ಕಲಂ ನಡೀತದನು?"

"ನಡೀತದೆ, ಅಪ್ರಾಪ್ತ ಅಲ್ವಾ," ಅಂದೆ. ಅಂದ ಕೂಡಲೇ ಅವಳ ಮುಖ ನೋಡಿದೆ. ನಗು ತಡೆದುಕೊಂಡಿದ್ದಳು. ಮುಲುಂಡ್ ಬರುವ ಹೊತ್ತಿಗೆ ಬ್ಯಾಗಿನಿಂದ ಬೇರ್ ಆಕ್ಟ್ ತೆಗೆದೆ. ಆರನೇ ಕಲಂ: ದಾವೆ, ಅಮಲ್ಜಾರಿ ಅರ್ಜಿ. ಅಪೀಲು ಎಲ್ಲೂ ಇಲ್ಲ. ಆ ಹುಡುಗ ಐದನೇ ಕಲಮಿಗೇ ಬರಬೇಕು, ತನ್ನ ವಯಸ್ಸನ್ನು ಸಾಕಷ್ಟು ಕಾರಣ ಅಂತ ಕೋರ್ಟಿಗೆ ಒಪ್ಪಿಸಬೇಕು.

ತೊಂಬತ್ತೇಳನೇ ಕಾರ್ಡು ಅದೇ. ಎ ಆಯ್ಕೆ ನಾನು ಅವಳಿಗೆ ಕೊಟ್ಟ ಉತ್ತರ.